ಎರಡು ಚಾರ್ಜರ್, ಒಂದು ದಪ್ಪ ಕವರ್, ಒಂದು ಉಬ್ಬಿದ ಬ್ಯಾಟರಿ

ಫೋನಿನ ಜೊತೆ ಬಂದಿದ್ದ 18 ವ್ಯಾಟ್‌ನ ಚಾರ್ಜರ್ ಕೆಟ್ಟ ದಿನ ನಾನು ಊರಿಗೆ ಹೊರಟಿದ್ದೆ. ಬಸ್ ನಿಲ್ದಾಣದ ಎದುರಿನ ತಳ್ಳುಗಾಡಿಯಲ್ಲಿ 180 ರೂಪಾಯಿ ಕೊಟ್ಟು ‘20 ವ್ಯಾಟ್ ಫಾಸ್ಟ್’ ಎಂದು ಅಚ್ಚಾಗಿದ್ದ ಒಂದನ್ನು ಕೊಂಡೆ. ಬೇಸಿಗೆಯ ಬಳ್ಳಾರಿಯಲ್ಲಿ ಮೂರೇ ದಿನಕ್ಕೆ ಫೋನು ಕೈಗೆ ಸುಡತೊಡಗಿತು, ಒಮ್ಮೆ ಚಾರ್ಜಿಂಗ್ ತಾನಾಗಿಯೇ ನಿಂತಿತು. ಕೂಡಲೇ 850 ರೂಪಾಯಿಯ 20 ವ್ಯಾಟ್ ಪಿ.ಡಿ., ಅಂದರೆ ಪವರ್ ಡೆಲಿವರಿ ಎಂಬ ಸಾಮಾನ್ಯ ಫಾಸ್ಟ್ ಚಾರ್ಜಿಂಗ್ ಪದ್ಧತಿಯ ಚಾರ್ಜರ್ ತರಿಸಿದೆ. ಇಂದಿಗೂ ಅದನ್ನೇ ಬಳಸುತ್ತಿದ್ದೇನೆ, ಅಗ್ಗದ್ದರ ಕಡೆಗೆ ಮತ್ತೆ ಹೋಗುವುದಿಲ್ಲ. ಆದರೆ ಫೋನು ಬಿಸಿಯಾಗಲು ಆ ಅಗ್ಗದ ಚಾರ್ಜರೇ ಕಾರಣವೆಂದು ನಾನು ಮಾಡಿದ್ದ ತೀರ್ಮಾನ ತಪ್ಪಾಗಿತ್ತು. ಅದನ್ನು ಬಿಡಲು ಬೇರೆ ಕಾರಣಗಳಿದ್ದವು.

ಹೋಲಿಸಿದ ಕ್ರಮ ಸರಳವಾದದ್ದು. ಪ್ರತಿ ಬಾರಿಯೂ ಬ್ಯಾಟರಿ ಶೇ. 30ಕ್ಕೆ ಇಳಿದ ಮೇಲೆ, ಅದೇ ಮರದ ಮೇಜಿನ ಮೇಲೆ, ಫ್ಯಾನ್ ನಿಲ್ಲಿಸಿ, 20 ನಿಮಿಷ ಚಾರ್ಜ್ ಮಾಡಿ, ಒಂದು ಬಾರಿಗೆ ಒಂದೇ ಸಂಗತಿಯನ್ನು ಬದಲಿಸಿದೆ. ಆರಂಭದ ಶೇಕಡಾ ಒಂದೇ ಇರಬೇಕಾದದ್ದು ಏಕೆಂದರೆ, ಬ್ಯಾಟರಿ ತುಂಬುತ್ತಾ ಬಂದಂತೆ ಫೋನು ಕರೆಂಟನ್ನು ತಾನೇ ಇಳಿಸುತ್ತದೆ, ಶೇ. 85ರಲ್ಲಿ ಆರಂಭಿಸಿದರೆ ಯಾವ ಚಾರ್ಜರ್ ಕೂಡ ತಂಪಾಗಿಯೇ ಕಾಣುತ್ತದೆ. ತಾಪಮಾನವನ್ನು ಅಂಗೈಯಿಂದ ಅಂದಾಜು ಮಾಡದೆ, ಚಾರ್ಜರ್ ತೆಗೆದ ತಕ್ಷಣ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿದ್ದ ಆಂಡ್ರಾಯ್ಡ್ ಫೋನನ್ನು, adb ಎಂಬ ಸಾಧನ ಹಾಕಿಕೊಂಡಿದ್ದ ಕಂಪ್ಯೂಟರಿಗೆ ಜೋಡಿಸಿ ಈ ಆಜ್ಞೆಯಿಂದ ಓದಿಕೊಂಡೆ:

```
adb shell dumpsys battery
```

ಇದರಲ್ಲಿ `temperature: 412` ಎಂದು ಬಂದರೆ ಅದು 41.2 ಡಿಗ್ರಿ ಸೆಲ್ಸಿಯಸ್. ಕಂಪ್ಯೂಟರಿನ ವೈರಿನಿಂದಲೂ ಫೋನಿಗೆ ಸ್ವಲ್ಪ ಚಾರ್ಜ್ ಹೋಗುವುದರಿಂದ, ಒಂದೇ ನಿಮಿಷದಲ್ಲಿ ಓದಿ ವೈರು ಕಳಚುತ್ತಿದ್ದೆ. ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಲು 45 ಡಿಗ್ರಿಯನ್ನು ಸಾಮಾನ್ಯವಾಗಿ ಮೇಲ್ಮಿತಿಯೆಂದು ಇಟ್ಟುಕೊಳ್ಳುತ್ತಾರೆ. ನಾನೂ ಅದನ್ನೇ ಗೆರೆಯಾಗಿ ಹಿಡಿದೆ.

ಕೋಣೆ 33 ಡಿಗ್ರಿ ಇದ್ದಾಗ, ಕವರ್ ಇಲ್ಲದೆ, ಹೊಸ ಚಾರ್ಜರಿನಲ್ಲಿ ಬ್ಯಾಟರಿ 39.4 ಡಿಗ್ರಿಗೆ ಏರಿತು ಮತ್ತು ಶೇ. 30ರಿಂದ 55ಕ್ಕೆ ತುಂಬಿತು. ಅಗ್ಗದ್ದರಲ್ಲಿ 36.8 ಡಿಗ್ರಿ ಮಾತ್ರ! ಗುಟ್ಟು ಶೇಕಡಾದಲ್ಲಿತ್ತು: ಅಷ್ಟೇ ಸಮಯದಲ್ಲಿ ಅದು ತುಂಬಿದ್ದು ಶೇ. 37ರವರೆಗೆ. ಅಂದರೆ 20 ವ್ಯಾಟ್ ಎಂಬ ಅಚ್ಚಿನ ಹಿಂದೆ ಇದ್ದದ್ದು ಸುಮಾರು 5 ವ್ಯಾಟ್. ಕರೆಂಟ್ ಕಡಿಮೆಯಾದರೆ ಬ್ಯಾಟರಿಯೊಳಗಿನ ಬಿಸಿಯೂ ಕಡಿಮೆಯಾಗುತ್ತದೆ. ಬಿಸಿಯೆಲ್ಲ ಇದ್ದದ್ದು ಚಾರ್ಜರಿನ ಡಬ್ಬಿಯಲ್ಲೇ. ಅದನ್ನು ಐದು ಸೆಕೆಂಡು ಹಿಡಿದುಕೊಳ್ಳಲು ಆಗುತ್ತಿರಲಿಲ್ಲ.

ಆ ಅಗ್ಗದ ಚಾರ್ಜರಿನ ನಿಜವಾದ ಕಾಟ ಬೇರೆಯೇ ಇತ್ತು. ಅದಕ್ಕೆ ಸಿಕ್ಕಿಸಿದಾಗ ಫೋನಿನ ಪರದೆಗೆ ಹುಚ್ಚು ಹಿಡಿಯುತ್ತಿತ್ತು. ಪಿನ್ ಒತ್ತಿದರೆ 4ರ ಬದಲು 7 ಬೀಳುತ್ತಿತ್ತು, ಪುಟ ತಾನಾಗಿಯೇ ಜಾರುತ್ತಿತ್ತು, ಒಮ್ಮೆ ರಾತ್ರಿ ಹನ್ನೊಂದೂವರೆಗೆ ನಮ್ಮ ಮೇಲಧಿಕಾರಿಗಳಿಗೆ ಕರೆ ಹೋಯಿತು. ಫೋನು ಬಿಸಿಯಾದ್ದರಿಂದ ಟಚ್ ಕೆಟ್ಟಿದೆಯೆಂದು ನಂಬಿ ನಾನು ಎರಡು ದಿನ ಫೋನನ್ನು ಒದ್ದೆ ಬಟ್ಟೆಯ ಪಕ್ಕದಲ್ಲಿಟ್ಟು ತಂಪು ಮಾಡಿದೆ. ರಿಪೇರಿ ಅಂಗಡಿಯವರು ಡಿಸ್‌ಪ್ಲೇ ಬದಲಿಸಲು 3,200 ರೂಪಾಯಿ ಎಂದರು. ಆದರೆ ಅವರ ಅಂಗಡಿಯ ಚಾರ್ಜರಿಗೆ ಸಿಕ್ಕಿಸಿದರೆ ಪರದೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು.

ಟಚ್ ಪರದೆಯು ಬೆರಳು ಹತ್ತಿರ ಬಂದಾಗ ಆಗುವ ಅತಿ ಸಣ್ಣ ವಿದ್ಯುತ್ ಬದಲಾವಣೆಯನ್ನು ಅಳೆದು, ಎಲ್ಲಿ ಮುಟ್ಟಿದ್ದೇವೆಂದು ಲೆಕ್ಕ ಹಾಕುತ್ತದೆ. ಒಳ್ಳೆಯ ಚಾರ್ಜರಿನಲ್ಲಿ ಅದರ ಸ್ವಿಚಿಂಗ್ ಸರ್ಕ್ಯೂಟ್ ಹುಟ್ಟಿಸುವ ವಿದ್ಯುತ್ ಗದ್ದಲವನ್ನು ಹೀರುವ ಫಿಲ್ಟರ್ ಭಾಗಗಳಿರುತ್ತವೆ. ಬೆಲೆ ಇಳಿಸಲು ಮೊದಲು ಕತ್ತರಿ ಬೀಳುವುದು ಅವುಗಳ ಮೇಲೆಯೇ. ಆಗ ಆ ಗದ್ದಲ ವೈರಿನ ಮೂಲಕ ಫೋನಿಗೆ ಬಂದು, ನಮ್ಮ ಬೆರಳು ತಗುಲಿದಾಗ ಪರದೆಯ ಲೆಕ್ಕವನ್ನು ಕೆಡಿಸುತ್ತದೆ. ಆದ್ದರಿಂದ ಚಾರ್ಜರ್ ಕಳಚಿದ ಕ್ಷಣವೇ ಟಚ್ ಸರಿಹೋದರೆ ದೋಷವನ್ನು ಮೊದಲು ಚಾರ್ಜರಿನಲ್ಲೇ ಹುಡುಕಬೇಕು. ಇಷ್ಟರಲ್ಲೇ ಉಳಿತಾಯ ಮಾಡಿದವರು 230 ವೋಲ್ಟಿನ ಬದಿಗೂ 5 ವೋಲ್ಟಿನ ಬದಿಗೂ ನಡುವೆ ಶಾಕ್ ಹೊಡೆಯದಂತೆ ಬಿಡಬೇಕಾದ ಅಂತರದಲ್ಲಿ ಉಳಿತಾಯ ಮಾಡಿರಲಾರರು ಎಂದು ನಂಬಲು ನನಗೆ ಧೈರ್ಯ ಬರಲಿಲ್ಲ.

ಕೊಳ್ಳುವಾಗ ನಾನೀಗ ನೋಡುವುದು ಒಂದೇ ಗುರುತು: ಡಬ್ಬಿಯ ಮೇಲೆ ಬಿಐಎಸ್ ಚಿಹ್ನೆಯ ಜೊತೆ IS 13252 ಮತ್ತು R- ಎಂದು ಶುರುವಾಗುವ ನೋಂದಣಿ ಸಂಖ್ಯೆ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಕರ ಹೆಸರು ಬರುತ್ತದೆ. ತಳ್ಳುಗಾಡಿಯದ್ದರಲ್ಲಿ ಸಂಖ್ಯೆಯೇ ಇರಲಿಲ್ಲ.

ಹಾಗಾದರೆ ಫೋನು ಸುಟ್ಟದ್ದು ಏಕೆ? ಮೊದಲನೆಯದು ಕವರ್. ಬೀಳುತ್ತದೆಂಬ ಭಯಕ್ಕೆ ಹಾಕಿದ್ದ ದಪ್ಪ ರಬ್ಬರ್ ಕವರ್ ತೊಡಿಸಿ ಹೊಸ ಚಾರ್ಜರಿನಲ್ಲಿಟ್ಟರೆ 39.4 ಇದ್ದದ್ದು 42.3 ಆಯಿತು. ತೆಳುವಾದ ಪಾರದರ್ಶಕ ಕವರಿನಲ್ಲಿ ಒಂದು ಡಿಗ್ರಿಯ ವ್ಯತ್ಯಾಸವೂ ಬರಲಿಲ್ಲ.

ಎರಡನೆಯದು ಹಿನ್ನೆಲೆಯ ಕೆಲಸ, ನನ್ನ ವಿಷಯದಲ್ಲಿ ಅಪರಾಧಿ ಇದೇ. ಊರಿನಲ್ಲಿ ವೈಫೈ ಇಲ್ಲದ್ದರಿಂದ ಹಾಟ್‌ಸ್ಪಾಟ್ ಹಾಕಿಕೊಂಡು ಕಚೇರಿಯ ಕೆಲಸ ಮಾಡುತ್ತಿದ್ದೆ, ಜೊತೆಗೆ ಮದುವೆಯ ಫೋಟೋಗಳೆಲ್ಲ ತಾವಾಗಿಯೇ ಬ್ಯಾಕಪ್ ಆಗುತ್ತಿದ್ದವು. ದಪ್ಪ ಕವರ್ ಮತ್ತು ಹಾಟ್‌ಸ್ಪಾಟ್ ಸೇರಿದಾಗ 46.1 ಡಿಗ್ರಿ ತಲುಪಿ ಚಾರ್ಜಿಂಗ್ ನಿಂತಿತು. ಬಿಸಿ ಎಲ್ಲಿದೆ ಎಂಬುದೂ ಸುಳಿವು ಕೊಡುತ್ತದೆ: ನನ್ನ ಫೋನಿನಲ್ಲಿ ಕ್ಯಾಮೆರಾದ ಸುತ್ತ ಸುಟ್ಟಾಗ ಕಾರಣ ಪ್ರೊಸೆಸರ್ ಮತ್ತು ನೆಟ್‌ವರ್ಕಿನ ಕೆಲಸ, ಬೆನ್ನಿನ ನಡುಭಾಗ ಹದವಾಗಿ ಬೆಚ್ಚಗಾದರೆ ಚಾರ್ಜಿಂಗಿನ ಸಹಜ ಬಿಸಿ. ಪಿನ್ ಸಿಕ್ಕಿಸುವ ಜಾಗ ಮಾತ್ರ ಸುಟ್ಟರೆ ವೈರು ಸಡಿಲವಾಗಿದೆ ಅಥವಾ ಪೋರ್ಟಿನಲ್ಲಿ ಕಸ ಕೂತಿದೆ.

ಬ್ಯಾಟರಿ ದೋಷ ಹೇಗಿರುತ್ತದೆಂದು ತಿಳಿದದ್ದು ತಮ್ಮನ ನಾಲ್ಕು ವರ್ಷದ ಫೋನಿನಿಂದ. ಅದನ್ನು ನನ್ನದೇ ಚಾರ್ಜರಿನಲ್ಲಿ, ಕವರ್ ತೆಗೆದು, ಏರೋಪ್ಲೇನ್ ಮೋಡಿನಲ್ಲಿ ಇಟ್ಟರೂ 20 ನಿಮಿಷಕ್ಕೆ 45.7 ಡಿಗ್ರಿ ಬಂತು. ಚಾರ್ಜರ್, ಕವರ್, ಹಿನ್ನೆಲೆಯ ಕೆಲಸ ಎಂಬ ಮೂರು ಕಾರಣಗಳನ್ನೂ ತೆಗೆದ ಮೇಲೂ ಉಳಿದ ಬಿಸಿ ಅದು. ಅದರ ಜೊತೆಗೆ ಶೇ. 38 ಇದ್ದದ್ದು ಒಂದು ಕರೆ ಮಾಡಿದ ಕೂಡಲೇ 12ಕ್ಕೆ ಬೀಳುತ್ತಿತ್ತು. ಗಾಜಿನ ಮೇಲೆ ಬೆನ್ನಡಿ ಮಾಡಿ ಇಟ್ಟರೆ ಫೋನು ಬುಗುರಿಯಂತೆ ತಿರುಗುತ್ತಿತ್ತು, ಅಂದರೆ ಒಳಗಿನ ಬ್ಯಾಟರಿ ಉಬ್ಬಿ ಬೆನ್ನನ್ನು ಎತ್ತಿತ್ತು. ವಿಚಿತ್ರವೆಂದರೆ ಮೇಲಿನ ಆಜ್ಞೆ ಅದಕ್ಕೂ `health: 2`, ಅಂದರೆ ‘ಚೆನ್ನಾಗಿದೆ’ ಎಂದೇ ತೋರಿಸಿತು. ಆ ಸಾಲನ್ನು ನೆಚ್ಚಿಕೊಳ್ಳುವಂತಿಲ್ಲ. ಉಬ್ಬಿದ್ದು ಕಂಡ ಮೇಲೆ ಅದನ್ನು ಮತ್ತೆ ಚಾರ್ಜಿಗೆ ಹಾಕಲಿಲ್ಲ, ಒತ್ತಿ ಸರಿಮಾಡಲೂ ಹೋಗಲಿಲ್ಲ. ಸ್ವಿಚ್ ಆಫ್ ಮಾಡಿ ಸೇವಾ ಕೇಂದ್ರಕ್ಕೆ ಒಯ್ದು 1,900 ರೂಪಾಯಿಗೆ ಬದಲಿಸಿದೆವು.

ರಾತ್ರಿಯಿಡೀ ಚಾರ್ಜಿಗೆ ಹಾಕುವ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಕವರ್ ಕಳಚಿ ಅರ್ಧ ಗಂಟೆ ಸಿಕ್ಕಿಸುತ್ತೇನೆ. ಅಂಥವನಿಗೆ 850 ರೂಪಾಯಿಯ ಚಾರ್ಜರ್ ಲಾಭದ್ದೇ, ಅದಕ್ಕೆ ವೈರನ್ನು ಬೇರೆ ಕೊಳ್ಳಬೇಕಾದದ್ದು ಮಾತ್ರ ಸಿಟ್ಟು ತರಿಸಿತು. ಕಂಪನಿಯದೇ ವಿಶೇಷ ಫಾಸ್ಟ್ ಚಾರ್ಜಿಂಗ್ ಇರುವ ಫೋನಿನವರಿಗೆ ಇದರಲ್ಲಿ ಆ ವೇಗ ಸಿಗದಿರಬಹುದು. ತಮ್ಮನ ಫೋನು ಹೊಸ ಬ್ಯಾಟರಿಯೊಂದಿಗೆ ಅದೇ ಪರೀಕ್ಷೆಯಲ್ಲಿ 38.9 ಡಿಗ್ರಿ ತೋರಿಸಿತು. ಕವರನ್ನು ಮಾತ್ರ ಅವನು ಇನ್ನೂ ತೆಗೆಯುತ್ತಿಲ್ಲ.