ಮಕ್ಕಳ ಕೋಣೆಯ ರೆಂಡರ್‌ಗೆ ಬ್ಲೆಂಡರ್: ಮೂರು ವರ್ಷ ಬಳಸಿದವಳ ಮಾತು

"ಮೂಲೆ ಎಲ್ಲೂ ಚೂಪಿರಬಾರದು ಅಂತ ನಾನೇ ಹೇಳಿದ್ದೆ, ನಿಜ. ಆದ್ರೆ ಇದು ಸೋಪಿನಲ್ಲಿ ಕೆತ್ತಿದ ಮಂಚದ ಥರ ಇದೆಯಲ್ಲ ಮೇಡಂ?"

ತುಮಕೂರಿನ ಎಸ್.ಎಸ್. ಪುರಂನ ಒಂದು ಮನೆಯಲ್ಲಿ, ನನ್ನ ಮೊದಲ ಮಕ್ಕಳ ಕೋಣೆಯ ಚಿತ್ರವನ್ನು ಫೋನಿನಲ್ಲಿ ಹಿಗ್ಗಿಸಿ ನೋಡುತ್ತಾ ಆ ತಾಯಿ ಹೇಳಿದ ಮಾತಿದು. ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಕೋಣೆ. ಒಂಬತ್ತು ವರ್ಷದ ಹುಡುಗ, ಐದು ವರ್ಷದ ಹುಡುಗಿ. ಉದ್ದದ ಗೋಡೆಗೆ ಬಂಕ್ ಮಂಚ, ಎದುರು ಕಿಟಕಿಯ ಕೆಳಗೆ ಓದೋ ಮೇಜು. ಇಷ್ಟೇ ಕೆಲಸ. ನನಗೆ ಕೋಪ ಬಂತು, ಒಪ್ಪಿಕೊಳ್ಳುತ್ತೇನೆ. ಆದರೆ ಮನೆಗೆ ಬಂದು ನೋಡಿದರೆ ಆಕೆ ಹೇಳಿದ್ದೇ ಸರಿ.

ಬ್ಲೆಂಡರ್ ಅನ್ನೋ 3ಡಿ ಚಿತ್ರದ ಸಾಫ್ಟ್‌ವೇರನ್ನು ನಾನು ಹಿಡಿದದ್ದು 2023ರಲ್ಲಿ, 3.6 ಆವೃತ್ತಿಯಿಂದ. ಈಗ 4.2ರಲ್ಲಿ ಇದ್ದೇನೆ. ದುಡ್ಡು ಕೊಡಬೇಕಿಲ್ಲ ಅನ್ನೋದೇ ಮೊದಲು ಸೆಳೆದದ್ದು. ಅದು ಏನೇನು ಮಾಡುತ್ತೆ ಅಂತ ಪಟ್ಟಿ ಕೊಡೋಕೆ ಇದನ್ನು ಬರೀತಿಲ್ಲ. ಅಂಚು ದುಂಡಗಿದ್ದೂ ನಿಜವಾದ ಕೋಣೆ ಅನ್ನಿಸೋ ಚಿತ್ರ ಇದರಲ್ಲಿ ಬರುತ್ತಾ, ಬರಬೇಕಾದ್ರೆ ಎಲ್ಲಿ ಕೈ ಸುಟ್ಟುಕೊಳ್ತೀವಿ ಅನ್ನೋದಷ್ಟೇ ನನ್ನ ವಿಷಯ.

ಆ ಸೋಪಿನ ಮಂಚ ಹೇಗಾಯ್ತು ಅಂತ ಹೇಳ್ತೀನಿ. ಅಂಚು ದುಂಡಗೆ ಮಾಡೋಕೆ `Bevel` ಅನ್ನೋ ಮಾಡಿಫೈಯರ್, ಅಂದರೆ ಮೂಲ ಆಕಾರ ಕೆಡಿಸದೆ ಮೇಲೆ ಹೊದಿಸೋ ಬದಲಾವಣೆ, ಇದೆ. ನಾನು ಎಲ್ಲ ಹಲಗೆಗೂ ಅದನ್ನೇ ಹಾಕಿ, ಅಗಲ 12 ಮಿ.ಮೀ. ಅಂತ ಬರೆದೆ. ಮಕ್ಕಳಿಗೆ ತಾನೇ, ಎಷ್ಟು ದುಂಡಗಿದ್ದರೆ ಅಷ್ಟು ಒಳ್ಳೇದು ಅಂತ. ಆದರೆ ಹಲಗೆಯ ದಪ್ಪವೇ 19 ಮಿ.ಮೀ. ಮೇಲಿನಿಂದ 12, ಕೆಳಗಿನಿಂದ 12 ಕೊರೆಯೋಕೆ ಜಾಗ ಎಲ್ಲಿದೆ? `Clamp Overlap` ಅನ್ನೋ ಕಾವಲು ಅದನ್ನು ದಪ್ಪದ ಅರ್ಧಕ್ಕೆ, ಅಂದರೆ ಒಂಬತ್ತೂವರೆಗೆ ನಿಲ್ಲಿಸಿತು. ಪರದೆಯ ಮೇಲೆ ಮಾತ್ರ ಅಂಕಿ 12 ಅಂತಲೇ ಇತ್ತು. ಹಾಗಾಗಿ ಪ್ರತಿ ಹಲಗೆಯ ಅಂಚೂ ಪೂರ್ತಿ ಅರ್ಧ ಚಂದ್ರ. ಮಂಚ, ಮೇಜು, ಕಪಾಟು, ಏಣಿ, ಎಲ್ಲಕ್ಕೂ ಅದೇ ಅರ್ಧ ಚಂದ್ರ. ಒಂದೇ ಅಚ್ಚಿನಲ್ಲಿ ಹೊಯ್ದ ಪ್ಲಾಸ್ಟಿಕ್ ಬಿಟ್ಟರೆ ಬೇರೆ ಯಾವ ವಸ್ತುವೂ ಲೋಕದಲ್ಲಿ ಹಾಗಿರಲ್ಲ. ಅಂಕಿ ಏರಿಸಿದರೂ ಆಕಾರ ಕದಲದೆ ಇದ್ದರೆ ಈ ಕಾವಲಿಗೆ ತಾಗಿದ್ದೀರಿ ಅಂತ ಲೆಕ್ಕ.

ಚಿತ್ರವನ್ನು ನಮ್ಮ ಬಡಗಿ ಆಚಾರ್ರಿಗೆ ತೋರಿಸಿದೆ. ಅವರು ನಕ್ಕರು. "ಮೇಡಂ, ಪ್ಲೈ ಮೇಲೆ ಮೈಕಾ ಅಂಟಿಸ್ತೀವಿ, ಅಂಚಿಗೆ ಎರಡು ಎಂ.ಎಂ. ಪಟ್ಟಿ ಹೊಡೀತೀವಿ. ರೌಟರ್ ಓಡಿಸಿದ್ರೆ ಆ ಪಟ್ಟಿ ಎಷ್ಟಿದೆಯೋ ಅಷ್ಟೇ ರೌಂಡ್ ಆಗೋದು. ಇನ್ನೂ ಒಳಗೋದ್ರೆ ಪ್ಲೈ ಪದರ ಹಲ್ಲು ಕಿರಿಯುತ್ತೆ."

"ಹಾಗಾದ್ರೆ ಮಗು ತಲೆ ತಾಗಿದ್ರೆ?"

"ತಲೆ ತಾಗೋದು ಮೂಲೆಗೆ ಕಣಮ್ಮ, ಅಂಚಿಗಲ್ಲ. ಮೇಜಿನ ಮೂಲೇನ ಮೇಲಿಂದ ನೋಡಿದ್ರೆ ಕಾಣೋ ಹಂಗೆ ದೊಡ್ಡದಾಗಿ ತಿರುಗಿಸಿ ಕೊಡ್ತೀನಿ. ಅದಕ್ಕೆ ಪಟ್ಟೀನೂ ಬಗ್ಗುತ್ತೆ."

ಈ ಎರಡು ಮಾತಿನಲ್ಲಿ ನನ್ನ ಚಿತ್ರದ ಕಾಯಿಲೆಯೂ ಇತ್ತು, ಮದ್ದೂ ಇತ್ತು. ದುಂಡು ಒಂದಲ್ಲ, ಎರಡು. ಮೇಲಿನಿಂದ ನೋಡಿದಾಗ ಕಾಣುವ ಮೂಲೆಯ ತಿರುವು ದೊಡ್ಡದು, 40 ಮಿ.ಮೀ. ಆದರೂ ಸೈ. ಹಲಗೆಯ ಉದ್ದಕ್ಕೂ ಓಡುವ ಅಂಚಿನ ಸವೆತ ಸಣ್ಣದು, 2 ಮಿ.ಮೀ. ಮೇಲ್ಮಂಚದ ತಡೆಕಂಬಿಯಂತಹ ಗಟ್ಟಿ ಮರದ ಭಾಗಕ್ಕೆ ಮಾತ್ರ 6 ಮಿ.ಮೀ. ಕೊಡಬಹುದು, ಏಕೆಂದರೆ ಅಲ್ಲಿ ಒಳಗೂ ಮರವೇ.

ಈಗ ನಾನು ಮಾಡೋದು ಹೀಗೆ. ಮೇಜಿನ ಹಲಗೆಯನ್ನು ಎಡಿಟ್ ಮೋಡಿನಲ್ಲಿ ತೆರೆದು, ನಿಂತಿರುವ ನಾಲ್ಕು ಮೂಲೆಗೆರೆಗಳನ್ನಷ್ಟೇ ಆರಿಸಿ `Ctrl+B` ಒತ್ತಿ 40 ಮಿ.ಮೀ. ತಿರುವು ಕೊಡ್ತೀನಿ, ಹತ್ತು ತುಂಡಿನಲ್ಲಿ. ಇದು ಮುಗಿದ ಮೇಲೆ ಮಾಡಿಫೈಯರ್ ಹಾಕಿ 2 ಮಿ.ಮೀ., ಮೂರು ತುಂಡು. ಮಾಡಿಫೈಯರ್ ತಾನಾಗಿಯೇ 30 ಡಿಗ್ರಿಗಿಂತ ಹೆಚ್ಚು ಮುರಿಯುವ ಅಂಚನ್ನು ಮಾತ್ರ ಮುಟ್ಟುತ್ತೆ. ತೊಂಬತ್ತು ಡಿಗ್ರಿ ತಿರುವನ್ನು ಹತ್ತು ತುಂಡು ಮಾಡಿದ್ದರಿಂದ ಒಂದೊಂದು ಮುರಿವೂ 9 ಡಿಗ್ರಿ, ಅದಕ್ಕೆ ಕೈ ಹಾಕಲ್ಲ. ಮೇಲಿನ, ಕೆಳಗಿನ ಅಂಚಿಗಷ್ಟೇ ಸಣ್ಣ ದುಂಡು ಬರುತ್ತೆ. ಜಿಪುಣತನ ಮಾಡಿ ತಿರುವನ್ನು ಎರಡೇ ತುಂಡಿನಲ್ಲಿ ಮುಗಿಸಿದರೆ ನಡುವಿನ ಮುರಿವು 45 ಡಿಗ್ರಿ ಆಗಿ, ಮೂಲೆಯ ಮಧ್ಯೆ ಒಂದು ಬೇಡದ ಗೆರೆ ನಿಲ್ಲುತ್ತೆ.

ಇನ್ನೊಂದು ಮೋಸ ಇದೆ, ಹೊಸಬರೆಲ್ಲ ಬೀಳೋದು ಇಲ್ಲೇ. ಘನಾಕಾರವನ್ನು ಹಿಗ್ಗಿಸಿ ಕುಗ್ಗಿಸಿ ಹಲಗೆ ಮಾಡಿರ್ತೀವಿ. ಆ ಅಳತೆಯನ್ನು `Ctrl+A` ಒತ್ತಿ `Scale` ಅಂತ ಕೊಟ್ಟು ಖಾಯಂ ಮಾಡದಿದ್ದರೆ ದುಂಡೂ ಹಲಗೆಯ ಜೊತೆ ಹಿಗ್ಗುತ್ತೆ. ಒಂದು ಕಡೆ ನವಿರಾಗಿ, ಇನ್ನೊಂದು ಕಡೆ ಉದ್ದಕ್ಕೆ ಎಳೆದ ರಬ್ಬರಿನಂತೆ. ಹತ್ತಿರ ಹೋಗಿ ಮೂಲೆ ನೋಡಿದರೆ ತಕ್ಷಣ ಗೊತ್ತಾಗುತ್ತೆ.

ಮೇಲ್ಮೈಯ ಬಣ್ಣ, ಹೊಳಪು ಹೇಳೋ ಶೇಡರ್‌ನಲ್ಲೇ ದುಂಡಿನ ಭ್ರಮೆ ಹುಟ್ಟಿಸುವ `Bevel` ನೋಡ್ ಕೂಡ ಇದೆ. ಬ್ಲೆಂಡರಿನ ಸೈಕಲ್ಸ್ ಅನ್ನೋ ರೆಂಡರ್ ಎಂಜಿನ್‌ನಲ್ಲಿ ಮಾತ್ರ ನಡೆಯುತ್ತೆ. ಬೆಳಕು ದುಂಡು ಅಂಚಿಗೆ ಬಿದ್ದ ಹಾಗೆ ಕಾಣುತ್ತೆ, ಹೊರಗೆರೆ ಮಾತ್ರ ಚೂಪಾಗೇ ಉಳಿಯುತ್ತೆ. ಕಪಾಟಿನ ಹಿಡಿಗೆ, ದೂರದ ಡಬ್ಬಿಗಳಿಗೆ ಅದು ಸಾಕು. ಮಂಚಕ್ಕೆ ಬೇಡ.

ಎರಡು ಮಿ.ಮೀ. ಅಂಚು ಕಣ್ಣಿಗೆ ಕಾಣುತ್ತಾ ಅಂತ ಕೇಳಿದರೆ, ಅಂಚಲ್ಲ, ಅದರ ಮೇಲಿನ ಬೆಳಕಿನ ಗೆರೆ ಕಾಣುತ್ತೆ. ಆ ಗೆರೆಯೇ ಚಿತ್ರಕ್ಕೆ ಜೀವ. ನನ್ನ ಕ್ಯಾಮೆರಾ ಮಂಚದ ದೂರದಲ್ಲಿ ಸುಮಾರು ಮೂರು ಮೀಟರ್ ಅಗಲ ನೋಡುತ್ತಿತ್ತು, ಚಿತ್ರದ ಅಗಲ 1920 ಪಿಕ್ಸೆಲ್. ಭಾಗಿಸಿದರೆ ಒಂದು ಪಿಕ್ಸೆಲ್‌ಗೆ ಒಂದೂವರೆ ಮಿ.ಮೀ. ಚಿಲ್ಲರೆ. ಅಂದರೆ ಇಡೀ ಅಂಚು ಒಂದೆರಡು ಪಿಕ್ಸೆಲ್, ಅಷ್ಟೇ. ಬೇಗ ಮುಗೀಲಿ ಅಂತ ನಾನು, ಚಿತ್ರದಲ್ಲಿ ಎಷ್ಟು ಚುಕ್ಕಿ ಉಳಿದರೂ ಸೈ ಅಂತ ಹೇಳೋ `Noise Threshold` ಅನ್ನು 0.01ರಿಂದ 0.1ಕ್ಕೆ ಏರಿಸಿಟ್ಟಿದ್ದೆ. ಚುಕ್ಕಿ ಚುಕ್ಕಿಯಾಗಿ ಬಂದ ಚಿತ್ರವನ್ನು ಡಿನಾಯ್ಸರ್ ಒರೆಸುವಾಗ ಆ ಗೆರೆಯನ್ನೂ ಕೊಳೆ ಅಂತ ತಿಳಿದು ಒರೆಸಿಬಿಡ್ತು. ಅಂಚು ಮತ್ತೆ ಮೇಣ! ದುಂಡು ಹೆಚ್ಚು ಮಾಡೋಣ ಅನ್ನಿಸೋದು ಆಗಲೇ, ಅಲ್ಲಿಂದಲೇ ಸೋಪಿನ ದಾರಿ ಶುರು. ಡಿನಾಯ್ಸರ್ ಆಫ್ ಮಾಡಿ ಒಂದು ಸಣ್ಣ ಚೌಕವನ್ನಷ್ಟೇ ರೆಂಡರ್ ಮಾಡಿ ಹೋಲಿಸಿದರೆ ತಪ್ಪು ದುಂಡಿನದೋ ಒರೆಸಿದ್ದರದ್ದೋ ಅಂತ ಬೇರ್ಪಡಿಸಬಹುದು. (ಕ್ಯಾಮೆರಾ ನೋಟದಲ್ಲಿ, ಆಬ್ಜೆಕ್ಟ್ ಮೋಡಿನಲ್ಲಿ, ಆ ಚೌಕ ಎಳೆಯೋಕೂ `Ctrl+B`ಯೇ. ಒಂದೇ ಕೀಲಿಗೆ ಎರಡು ಕೆಲಸ ಯಾಕೆ ಕೊಟ್ಟರೋ.)

ಈಗ ಮೇಜಿನ ಹತ್ತಿರದ ನೋಟವನ್ನು ಮಾತ್ರ 3840 ಅಗಲದಲ್ಲಿ, 0.01ರಲ್ಲೇ ಬಿಡ್ತೀನಿ. ಪಿಕ್ಸೆಲ್ ನಾಲ್ಕು ಪಟ್ಟು, ಸಮಯವೂ ಹೆಚ್ಚು ಕಡಿಮೆ ಅಷ್ಟೇ ಪಟ್ಟು. ನನ್ನ ಲ್ಯಾಪ್‌ಟಾಪಿನಲ್ಲಿ ಹದಿನೈದು ನಿಮಿಷದ್ದು ಒಂದು ಗಂಟೆ. ಕರೆಂಟ್ ಹೋಗೋ ಸಂಜೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ, ರಾತ್ರಿ ಹಾಕಿ ಮಲಗ್ತೀನಿ. ಆ ಹತ್ತಿರದ ನೋಟಕ್ಕೆ ಇನ್ನೊಂದು ಕುಸುರಿ ಸೇರಿಸಿದ್ದೀನಿ. ಮೈಕಾ ಮತ್ತು ಅಂಚಿನ ಪಟ್ಟಿ ಸೇರೋ ಕಡೆ ನಿಜದಲ್ಲಿ ಕೂದಲೆಳೆಯಂತಹ ಕಂದು ಗೆರೆ ಇರುತ್ತೆ, ಮೈಕಾದ ಒಳಪದರದ್ದು. ಅದನ್ನು ಬರೆದ ದಿನ ಆಚಾರ್ರು ಫೋಟೋ ಅಂತಲೇ ಅಂದುಕೊಂಡರು.

ಇಷ್ಟೆಲ್ಲ ಆದ ಮೇಲೂ ಚಿತ್ರ ಒಂದು ಸುಳ್ಳು ಹೇಳುತ್ತಿತ್ತು. ಮಂಚದ ಮೇಲೆ ಹಾಸಿಗೆ ಅಂತ ನಾನಿಟ್ಟದ್ದು ಮೂರು ಇಂಚಿನದು, ಚಂದ ಕಾಣುತ್ತೆ ಅಂತ. ಮನೆಯವರು ಆರಿಂಚಿನದು ತೆಗೆದಿಟ್ಟಿದ್ದರು. ಅದನ್ನು ಹಾಕಿ ನೋಡಿದರೆ ತಡೆಕಂಬಿ ಹಾಸಿಗೆಯಿಂದ ಮೇಲಕ್ಕೆ ಮೂರೇ ಇಂಚು ಉಳೀತು. ಅಮೆರಿಕದ ಬಂಕ್ ಮಂಚದ ನಿಯಮದಲ್ಲಿ ಹಾಸಿಗೆಯ ಮೇಲ್ಮೈಯಿಂದ ಕನಿಷ್ಠ ಐದು ಇಂಚು ಇರಬೇಕು ಅಂತಿದೆ, ಆರು ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸಬೇಡಿ ಅಂತಲೂ ಇದೆ. ಕಂಬಿಯನ್ನು ಎತ್ತರಿಸಿದೆ. ಹುಡುಗಿ ಮುಖ ಊದಿಸಿಕೊಂಡು ಕೆಳಗಿನ ಮಂಚಕ್ಕೆ ಒಪ್ಪಿದಳು.

ಅದಕ್ಕಿಂತ ದೊಡ್ಡ ಸುಳ್ಳು ಫ್ಯಾನು. ಚೆಂದದ ರೆಂಡರ್‌ಗಳಲ್ಲಿ ಯಾರೂ ಫ್ಯಾನ್ ಹಾಕಲ್ಲ, ನಾನೂ ಹಾಕಿರಲಿಲ್ಲ. ಹುಡುಗನ ಅಜ್ಜ ಚಿತ್ರ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಗಾಳಿಗೇನವ್ವ ಮಾಡ್ತೀರಾ?" ಹಾಕಿ ನೋಡಿದೆ. ನಾಲ್ಕಡಿ ಹರವಿನ ಫ್ಯಾನು, ಕೋಣೆಯ ನಟ್ಟನಡುವೆ, ಅಂದರೆ ಮಂಚದ ಗೋಡೆಯಿಂದ ಐದು ಅಡಿಗೆ. ರೆಕ್ಕೆಯ ತುದಿ ಗೋಡೆಯಿಂದ ಮೂರಡಿಗೆ ಬಂತು. ಚೌಕಟ್ಟು ಸೇರಿ ಮಂಚದ ಅಗಲ ಮೂರಡಿ ಮೂರಿಂಚು. ರೆಕ್ಕೆ ಮಂಚದ ಮೇಲೆ ಮೂರಿಂಚು ಚಾಚಿಕೊಂಡಿದೆ! ಎತ್ತರದ ಲೆಕ್ಕವೂ ಹಾಕಿದೆ. ಸೂರು ಹತ್ತಡಿ, ರೆಕ್ಕೆ ಒಂಬತ್ತಡಿಯಲ್ಲಿ, ಹಾಸಿಗೆಯ ಮೇಲ್ಮೈ ಐದಡಿ ನಾಲ್ಕಿಂಚಿನಲ್ಲಿ. ಹುಡುಗ ಕೂತರೆ ಸರಿ. ನಾಲ್ಕಡಿ ಮೂರಿಂಚಿನ ಹುಡುಗ ಎದ್ದು ನಿಂತರೆ ತಲೆಯೇ ರೆಕ್ಕೆಗಿಂತ ಮೇಲೆ ಹೋಗುತ್ತೆ. ಫ್ಯಾನು ತೆಗೆಸಿ, ಮಂಚದಿಂದ ಕೈಗೆಟುಕದ ಎದುರು ಗೋಡೆಗೆ ಗೋಡೆ ಫ್ಯಾನ್ ಹಾಕಿಸಿದೆವು. ಇದನ್ನೆಲ್ಲ ಬ್ಲೆಂಡರ್ ತಾನಾಗಿ ಹೇಳಲ್ಲ, ಅಳತೆಯನ್ನು ನಿಜವಾಗಿ ಇಟ್ಟರೆ ತೋರಿಸುತ್ತೆ.

ಆವೃತ್ತಿ ಬದಲಾದಾಗಿನ ಕಿರಿಕಿರಿ ಒಂದಿದೆ. 4.1ರಿಂದ ಮೇಲ್ಮೈಯನ್ನು ನುಣುಪಾಗಿ ತೋರಿಸೋ `Auto Smooth` ತನ್ನ ಹಳೇ ಜಾಗದಲ್ಲಿಲ್ಲ, ಮಾಡಿಫೈಯರ್ ಆಗಿದೆ. ಹಳೇ ಫೈಲು ತೆರೆದಾಗ `Smooth by Angle` ಅಂತ ಕಂಡರೆ ಗಾಬರಿಯಾಗಬೇಡಿ. ಬಣ್ಣದ ವಿಷಯದಲ್ಲಿ 4.0ರಿಂದ ಬಂದ `AgX` ಕಿಟಕಿಯ ಬೆಳಕನ್ನು ಚೆನ್ನಾಗಿ ತಡೆಯುತ್ತೆ, ಆದರೆ ಹಳದಿ ಮೈಕಾ ಸ್ವಲ್ಪ ಸಪ್ಪೆ ಅನ್ನಿಸುತ್ತೆ. ಮನೆಯವರಿಗೆ ಚಿತ್ರದ ಜೊತೆ ಮೈಕಾ ತುಂಡನ್ನೇ ಕೈಗೆ ಕೊಡ್ತೀನಿ, ಜಗಳ ಇಲ್ಲ. ಐದಕ್ಕೆ ನಾಲ್ಕು ಕೊಡಬಲ್ಲೆ. ಒಂದು ಕಳೆದದ್ದು ಆ 12 ಅಂತ ತೋರಿಸುತ್ತಾ ಒಂಬತ್ತೂವರೆ ಮಾಡಿದ್ದಕ್ಕೆ.

ಕೆಲಸ ಮುಗಿದ ಮೇಲೆ ಆ ತಾಯಿ ಕೋಣೆಯ ಫೋಟೋ ಕಳಿಸಿದರು, ಪಕ್ಕದಲ್ಲಿ ನನ್ನ ರೆಂಡರ್ ಇಟ್ಟು. ಹತ್ತಿರ ಹತ್ತಿರ ಒಂದೇ. ಮೇಜಿನ ಮೂಲೆ ಮಾತ್ರ ನನ್ನದಕ್ಕಿಂತ ಕೊಂಚ ಬಿಗಿ. ಆಚಾರ್ರನ್ನು ಕೇಳಿದರೆ, 40 ಗುರುತು ಹಾಕೋಕೆ ಕೈವಾರ ಸಿಗಲಿಲ್ಲವಂತೆ, ಫೆವಿಕಾಲ್ ಡಬ್ಬದ ಮುಚ್ಚಳ ಇಟ್ಟು ಗೀಚಿದರಂತೆ. ಮುಚ್ಚಳ ಅಳೆದೆ, ಅಡ್ಡಗಲ 70 ಮಿ.ಮೀ. ಅವರ ಹತ್ತಿರ ಹೋಗೋ ಎಲ್ಲ ಚಿತ್ರಗಳಲ್ಲೂ ಈಗ ನಾನು ಮೂಲೆಗೆ 35 ಅಂತಲೇ ಹಾಕೋದು.