ಕಳೆದು ಸಿಗುವ ಮೊತ್ತ, ಕೂಡಿ ಸಿಗುವ ಮೊತ್ತ: ಫೆನ್ವಿಕ್ ಟ್ರೀ ಮತ್ತು ಸೆಗ್ಮೆಂಟ್ ಟ್ರೀ

ಸಂಖ್ಯೆಗಳ ಒಂದು ಉದ್ದನೆಯ ಸಾಲು. ನಡುನಡುವೆ ಯಾವುದೋ ಒಂದು ಸ್ಥಾನದ ಬೆಲೆ ಬದಲಾಗುತ್ತದೆ. ನಡುನಡುವೆ ‘ಇಲ್ಲಿಂದ ಇಲ್ಲಿಯವರೆಗಿನ ಮೊತ್ತ ಎಷ್ಟು’ ಎಂಬ ಪ್ರಶ್ನೆ ಬರುತ್ತದೆ. ಸಾಲನ್ನು ಹಾಗೆಯೇ ಇಟ್ಟುಕೊಂಡರೆ ಪ್ರತಿ ಪ್ರಶ್ನೆಗೂ ಸಾಲಿನುದ್ದಕ್ಕೂ ನಡೆಯಬೇಕು. ಮೊದಲಿನಿಂದ ಕೂಡುತ್ತ ಬಂದ ಮೊತ್ತಗಳನ್ನು ಬರೆದಿಟ್ಟುಕೊಂಡರೆ ಪ್ರಶ್ನೆ ಸಲೀಸು, ಆದರೆ ಒಂದು ಬದಲಾವಣೆಗೆ ಮುಂದಿನ ಎಲ್ಲ ಮೊತ್ತಗಳನ್ನೂ ತಿದ್ದಬೇಕು. ಈ ಇಕ್ಕಟ್ಟಿಗೆ ಇರುವ ಎರಡು ಪ್ರಸಿದ್ಧ ಪರಿಹಾರಗಳನ್ನೂ ನಾನು ಬರೆದು, ಒಂದೇ ಕೆಲಸಕ್ಕೆ ಅಕ್ಕಪಕ್ಕದಲ್ಲಿ ಓಡಿಸಿ ನೋಡಿದ್ದೇನೆ. ಎರಡರಲ್ಲೂ ಬದಲಾವಣೆಗೂ ಪ್ರಶ್ನೆಗೂ ತಗಲುವ ಕಾಲ `O(log n)`. ಹಾಗಾಗಿ ಹೆಚ್ಚಿನ ಹೋಲಿಕೆಗಳು ವೇಗ, ಮೆಮೊರಿ, ಕೋಡಿನ ಉದ್ದ ಇಷ್ಟರಲ್ಲೇ ನಿಲ್ಲುತ್ತವೆ. ನನಗೆ ಕಂಡ ಮುಖ್ಯ ವ್ಯತ್ಯಾಸ ಅದಲ್ಲ. ಫೆನ್ವಿಕ್ ಟ್ರೀ ಉತ್ತರವನ್ನು ಕಳೆದು ಪಡೆಯುತ್ತದೆ, ಸೆಗ್ಮೆಂಟ್ ಟ್ರೀ ಕೂಡಿ ಪಡೆಯುತ್ತದೆ.

ಮೊದಲು ಫೆನ್ವಿಕ್ ಟ್ರೀಯನ್ನು, ಅಂದರೆ ಬೈನರಿ ಇಂಡೆಕ್ಸ್ಡ್ ಟ್ರೀಯನ್ನು ನೋಡೋಣ. ಇಡೀ ಕೋಡ್ ಇಷ್ಟೇ:

```cpp
void add(int i, long long d) {
    for (; i <= n; i += i & -i) t[i] += d;
}
long long pre(int i) {
    long long s = 0;
    for (; i > 0; i -= i & -i) s += t[i];
    return s;
}
```

`i & -i` ಎಂದರೆ `i`ಯ ಬೈನರಿ ರೂಪದಲ್ಲಿ ಬಲತುದಿಯಿಂದ ಮೊದಲು ಸಿಗುವ 1ರ ಬೆಲೆ. `t[i]` ತನ್ನಲ್ಲಿ ಮುಗಿಯುವ, ಅಷ್ಟೇ ಉದ್ದದ ತುಂಡಿನ ಮೊತ್ತವನ್ನು ಹೊತ್ತಿರುತ್ತದೆ. 3, 2, 5, 1, 4, 6, 2, 7 ಎಂಬ ಎಂಟು ಸಂಖ್ಯೆಗಳಿವೆ ಎನ್ನಿ. ಆಗ `t` ಅರೇಯಲ್ಲಿ 1ನೇ ಸ್ಥಾನದಿಂದ ಕ್ರಮವಾಗಿ 3, 5, 5, 11, 4, 10, 2, 30 ಇರುತ್ತವೆ. 6ರ ಬೈನರಿ 110, ಅದರ ಕೊನೆಯ 1ರ ಬೆಲೆ 2; ಆದ್ದರಿಂದ `t[6]` 5 ಮತ್ತು 6ನೇ ಸ್ಥಾನಗಳ ಮೊತ್ತ, 4 + 6 = 10. ಮೊದಲ ಏಳರ ಮೊತ್ತ ಬೇಕೆಂದರೆ 7 (111), 6 (110), 4 (100) ಎಂದು ಒಂದೊಂದೇ 1ನ್ನು ಅಳಿಸುತ್ತ ಹೋಗಬೇಕು: 2 + 10 + 11 = 23. ಈಗ 3ನೇ ಸ್ಥಾನದ 5ನ್ನು 9 ಮಾಡಬೇಕಾದರೆ 4 ಕೂಡಬೇಕು. ದಾರಿ 3, 4, 8. ಅಲ್ಲಿನ ಬೆಲೆಗಳು 9, 15, 34 ಆಗುತ್ತವೆ. ಆಮೇಲೆ 3ರಿಂದ 7ರವರೆಗಿನ ಮೊತ್ತ ಕೇಳಿದರೆ `pre(7) - pre(2)`, ಅಂದರೆ 27 − 5 = 22.

ಕೇಳಿದ್ದು 3ರಿಂದ 7ರವರೆಗಿನ ಮೊತ್ತವನ್ನು ಮಾತ್ರ. ಆದರೂ ಲೆಕ್ಕದೊಳಗೆ 1 ಮತ್ತು 2ನೇ ಸ್ಥಾನಗಳು ಬಂದವು, ಕೊನೆಗೆ ಕಳೆದುಹೋದವು.

ಸೆಗ್ಮೆಂಟ್ ಟ್ರೀಯಲ್ಲಿ ನಾನು ಬಳಸುವುದು ರಿಕರ್ಷನ್ ಇಲ್ಲದ, ಕೆಳಗಿನಿಂದ ಮೇಲೇರುವ ರೂಪ. ಇಲ್ಲಿ ಎಣಿಕೆ 0ಯಿಂದ, `r` ತುದಿ ವ್ಯಾಪ್ತಿಯ ಹೊರಗೆ:

```cpp
void put(int i, double v) {
    for (s[i += n] = v; i > 1; i >>= 1)
        s[i >> 1] = s[i] + s[i ^ 1];
}
double sum(int l, int r) {
    double a = 0;
    for (l += n, r += n; l < r; l >>= 1, r >>= 1) {
        if (l & 1) a += s[l++];
        if (r & 1) a += s[--r];
    }
    return a;
}
```

ಅದೇ ಪ್ರಶ್ನೆ ಇಲ್ಲಿ `sum(2, 7)` ಆಗುತ್ತದೆ. ಮೂಲ ಬೆಲೆಗಳು `n`ನೇ ಕೋಶದಿಂದ ಮುಂದಿನ ಎಲೆಗಳಲ್ಲಿರುತ್ತವೆ, ಅವುಗಳ ಮೇಲಿನ ಪ್ರತಿ `i`ನೇ ಕೋಶದಲ್ಲಿ ಅದರ ಮಕ್ಕಳಾದ `2i` ಮತ್ತು `2i + 1`ನೇ ಕೋಶಗಳ ಮೊತ್ತ. `n` 8 ಆದ್ದರಿಂದ `l` 10, `r` 15. `r` ಬೆಸ ಆದ್ದರಿಂದ 14ನೇ ಕೋಶದ 2 ಸೇರುತ್ತದೆ. ಮೇಲೇರಿದಾಗ `l` 5, `r` 7, ಎರಡೂ ಬೆಸ. 5ನೇ ಕೋಶದ 10 (9 + 1), 6ನೇ ಕೋಶದ 10 (4 + 6) ಸೇರುತ್ತವೆ. ಒಟ್ಟು 22. ಮೂರೇ ಕೋಶಗಳು, ಮೂರೂ ಕೇಳಿದ ವ್ಯಾಪ್ತಿಯ ಒಳಗಿನವು. ಹೊರಗಿನ ಯಾವ ಸಂಖ್ಯೆಯ ಸೋಂಕೂ ಉತ್ತರಕ್ಕೆ ತಾಗಲಿಲ್ಲ.

ಪೂರ್ಣಾಂಕಗಳಲ್ಲಿ ಈ ಭೇದಕ್ಕೆ ಬೆಲೆಯಿಲ್ಲ. ಕೂಡಿದ್ದನ್ನು ಕಳೆದರೆ ಮೊದಲಿನದೇ ನಿಖರವಾಗಿ ಸಿಗುತ್ತದೆ. ಪೀಟರ್ ಫೆನ್ವಿಕ್ 1994ರಲ್ಲಿ ಈ ರಚನೆಯನ್ನು ವಿವರಿಸಿದ್ದು ದತ್ತಾಂಶ ಸಂಕುಚನದಲ್ಲಿ ಬೇಕಾಗುವ ಸಂಚಿತ ಆವರ್ತನ ಕೋಷ್ಟಕಗಳಿಗಾಗಿ. ಅಲ್ಲಿರುವುದು ಎಣಿಕೆಗಳು, ಬೇಕಾದದ್ದು ಮೊದಲಿನಿಂದ ಬಂದ ಮೊತ್ತ. ಆ ಕೆಲಸಕ್ಕೆ ಇದಕ್ಕಿಂತ ಚೊಕ್ಕವಾದದ್ದನ್ನು ನಾನು ಕಂಡಿಲ್ಲ.

ನನಗೆ ಪೆಟ್ಟು ಬಿದ್ದದ್ದು `double` ಬೆಲೆಗಳಲ್ಲಿ. ಅಳತೆಗಳ ಒಂದು ಸಾಲಿಗೆ ಫೆನ್ವಿಕ್ ಟ್ರೀಯ `long long` ಅನ್ನು `double` ಎಂದು ಬದಲಿಸಿ ಕೂತಿದ್ದೆ. ಕೆಲವು ದಿನ ಎಲ್ಲವೂ ಸರಿಯಿತ್ತು. ಆಮೇಲೆ ಕೆಲವು ಸಣ್ಣ ವ್ಯಾಪ್ತಿಗಳ ಮೊತ್ತ ತಪ್ಪತೊಡಗಿತು. ಸಾಲಿನ ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ಇತ್ತು. ಒಟ್ಟು ಸರಿಯಿದೆ ಎಂಬ ಭರವಸೆಯಿಂದಲೇ ನಾನು ತುಂಬ ಹೊತ್ತು ಬೇರೆಲ್ಲೋ ಹುಡುಕಿದೆ. ಕಾರಣವನ್ನು ಕೊನೆಗೆ ನಾಲ್ಕು ಸಂಖ್ಯೆಗಳಿಗೆ ಇಳಿಸಿ ತೋರಿಸಲು ಸಾಧ್ಯವಾಯಿತು.

ಸಾಲು 0, 1, 2, 3. ಆಗ `t`ಯಲ್ಲಿ 0, 1, 2, 6. ಈಗ ಮೊದಲ ಸ್ಥಾನಕ್ಕೆ 10¹⁶ ಎಂಬ ತಪ್ಪು ಅಳತೆ ಬಂತು, ಸ್ವಲ್ಪ ಹೊತ್ತಿಗೆ ಅದನ್ನು ಮತ್ತೆ 0ಗೆ ತಿದ್ದಲಾಯಿತು ಎನ್ನಿ. `double`ನಲ್ಲಿ 53 ಬಿಟ್‌ಗಳಷ್ಟೇ ನಿಖರತೆ. 10¹⁶ರ ಹತ್ತಿರ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ 2. ಬೆಸ ಸಂಖ್ಯೆಗೆ ಅಲ್ಲಿ ಜಾಗವೇ ಇಲ್ಲ. ಹೀಗಾಗಿ `t[2]`ರಲ್ಲಿ 10¹⁶ + 1 ಆಗಬೇಕಿದ್ದದ್ದು 10¹⁶ ಆಗಿ ಕೂತಿತು. `t[4]`ರಲ್ಲಿ 10¹⁶ + 6 ಸರಿಯಾಗಿ ಹಿಡಿಸಿತು. 10¹⁶ನ್ನು ಹಿಂದಕ್ಕೆ ಕಳೆದಾಗ `t` ಅರೇ 0, 0, 2, 6 ಆಯಿತು. ಎರಡನೆಯ ಸ್ಥಾನದ 1 ಮಾಯ. ಒಟ್ಟು ಮೊತ್ತ `pre(4)` ಈಗಲೂ 6, ಸರಿ. ಆದರೆ ಎರಡನೆಯ ಸ್ಥಾನವನ್ನು ಕೇಳಿದರೆ 0, ನಾಲ್ಕನೆಯದನ್ನು ಕೇಳಿದರೆ 6 − 2 = 4. ಕಳೆದುಹೋದ 1 ನಾಲ್ಕನೆಯ ಸ್ಥಾನದ ಲೆಕ್ಕಕ್ಕೆ ಬಂದು ಸೇರಿದೆ. ತಪ್ಪು ಅಳತೆ ತೊಲಗಿ ಎಷ್ಟು ಕಾಲವಾದರೂ ಈ ಕಲೆ ಹೋಗುವುದಿಲ್ಲ, ಏಕೆಂದರೆ ಈ ರಚನೆ ಹಳೆಯದರ ಮೇಲೆ ಕೂಡುತ್ತಲೇ ಹೋಗುತ್ತದೆ, ಹೊಸದಾಗಿ ಲೆಕ್ಕ ಹಾಕುವುದೇ ಇಲ್ಲ.

ಅದೇ ಎರಡು ಬದಲಾವಣೆಗಳನ್ನು ಸೆಗ್ಮೆಂಟ್ ಟ್ರೀಗೆ ಕೊಟ್ಟೆ. ತಪ್ಪು ಅಳತೆ ಇದ್ದಾಗ ಅದರ ಮೇಲಿನ ಕೋಶಗಳು ಕೆಟ್ಟವು, ನಿಜ. ಆದರೆ ಎರಡನೆಯ ಸ್ಥಾನದ ಎಲೆಯಲ್ಲಿ 1 ಹಾಗೆಯೇ ಇತ್ತು. ಅದನ್ನು ಕೇಳಿದಾಗ 1 ಎಂದೇ ಬಂತು. ಅಳತೆಯನ್ನು 0ಗೆ ತಿದ್ದಿದ ಕೂಡಲೇ ಪ್ರತಿ ಮೇಲಿನ ಕೋಶವೂ ತನ್ನ ಎರಡು ಮಕ್ಕಳಿಂದ ಹೊಸದಾಗಿ ಕೂಡಿಕೊಂಡಿತು, 0 + 1 = 1, 1 + 5 = 6. ಗಾಯದ ಗುರುತೂ ಉಳಿಯಲಿಲ್ಲ. ನನ್ನ ಮಟ್ಟಿಗೆ ಈ ಹೋಲಿಕೆ ತೀರ್ಮಾನವಾದದ್ದು ಇಲ್ಲಿಯೇ. 10¹⁶ ಎಂಬುದು ತೋರಿಸಲು ಅನುಕೂಲವಾದ ಸಂಖ್ಯೆ ಮಾತ್ರ. ದಶಮಾಂಶಗಳಿದ್ದರೆ ಇಷ್ಟು ದೊಡ್ಡ ಬೆಲೆಯೂ ಬೇಡ. ಲಕ್ಷಾಂತರ ಬದಲಾವಣೆಗಳಾದ ಮೇಲೆ ಅಲ್ಪಸ್ವಲ್ಪವಾಗಿ ಇದೇ ಸವೆತ ಕೂಡಿಕೊಳ್ಳುತ್ತದೆ. ಗುರುತಿಸುವುದು ಸುಲಭ: ಎಲ್ಲ ಬೆಲೆಗಳನ್ನೂ 0ಗೆ ತಿದ್ದಿ `t` ಅರೇಯನ್ನು ತೆರೆದು ನೋಡಿ. 0 ಅಲ್ಲದ ಒಂದು ಕೋಶ ಉಳಿದಿದ್ದರೂ ಸವೆತ ಆಗಿದೆ ಎಂದರ್ಥ.

ಇದೇ ಎಳೆಯಲ್ಲಿ ಬರುವ ಇನ್ನೊಂದು ತೊಡಕು ಪೂರ್ಣಾಂಕಗಳಿಗೂ ಅನ್ವಯಿಸುತ್ತದೆ. ‘ಇಷ್ಟು ಕೂಡು’ ಎಂಬುದು ಫೆನ್ವಿಕ್ ಟ್ರೀಯ ಸಹಜ ಭಾಷೆ, ‘ಇಷ್ಟಾಗಿಸು’ ಎಂಬುದಲ್ಲ. ಬೆಲೆಯನ್ನು 9 ಆಗಿಸಬೇಕೆಂದರೆ ಹಳೆಯ ಬೆಲೆ ಗೊತ್ತಿರಬೇಕು. ಅದಕ್ಕಾಗಿ ಮೂಲ ಅರೇಯನ್ನು ಜೊತೆಗೆ ಇಟ್ಟುಕೊಳ್ಳುತ್ತೇವೆ. ನಾನು ಒಮ್ಮೆ ಟ್ರೀಯನ್ನು ತಿದ್ದಿ ಮೂಲ ಅರೇಯನ್ನು ತಿದ್ದಲು ಮರೆತಿದ್ದೆ. 5 ಇದ್ದದ್ದು 9 ಆಗಬೇಕಾದಾಗ 4 ಕೂಡಿತು, ಉತ್ತರ ಸರಿ. ಅದೇ ಸ್ಥಾನ ಮುಂದೆ 6 ಆಗಬೇಕಾದಾಗ ಮೂಲ ಅರೇಯಲ್ಲಿ ಇನ್ನೂ 5 ಇತ್ತು. 3 ಕಳೆಯುವ ಬದಲು 1 ಕೂಡಿ, ಟ್ರೀಯೊಳಗಿನ ಬೆಲೆ 10 ಆಯಿತು. ಪ್ರತಿ ಸ್ಥಾನವನ್ನು ಒಮ್ಮೆ ಮಾತ್ರ ತಿದ್ದುವ ಪರೀಕ್ಷೆಗಳಲ್ಲಿ ಈ ತಪ್ಪು ಎಂದಿಗೂ ಸಿಕ್ಕಿಬೀಳುವುದಿಲ್ಲ. ಒಂದೇ ಸ್ಥಾನವನ್ನು ಎರಡು ಸಲ ತಿದ್ದಿ ನೋಡಬೇಕು. ಸೆಗ್ಮೆಂಟ್ ಟ್ರೀಯ ಎಲೆಗಳೇ ಮೂಲ ಅರೇ ಆದ್ದರಿಂದ ಅಲ್ಲಿ ಮರೆಯುವುದಕ್ಕೆ ಏನೂ ಇಲ್ಲ.

ಫೆನ್ವಿಕ್ ಟ್ರೀಗೆ 0ನೇ ಸ್ಥಾನವೂ ಆಗದು. `add(0, d)` ಎಂದು ಕರೆದರೆ `0 & -0` ಎಂದೆಂದಿಗೂ 0, ಲೂಪ್ ಮುಗಿಯುವುದೇ ಇಲ್ಲ. ತಪ್ಪು ಉತ್ತರ ಬರದೆ ಪ್ರೋಗ್ರಾಂ ಸುಮ್ಮನೆ ನಿಂತುಬಿಟ್ಟರೆ ಮೊದಲು ಇದನ್ನೇ ನೋಡಿ.

ಇನ್ನು ವೇಗ ಮತ್ತು ಜಾಗ. 64 ಬಿಟ್‌ನ 10 ಲಕ್ಷ ಬೆಲೆಗಳಿಗೆ ಫೆನ್ವಿಕ್ ಟ್ರೀ ಸುಮಾರು 8 ಎಂಬಿ, ಮೇಲಿನ ರೂಪದ ಸೆಗ್ಮೆಂಟ್ ಟ್ರೀ 16 ಎಂಬಿ, ರಿಕರ್ಷನ್ ರೂಪಕ್ಕೆ ವಾಡಿಕೆಯಂತೆ `4n` ಕೋಶ ತೆಗೆದಿಟ್ಟರೆ 32 ಎಂಬಿ. ಫೆನ್ವಿಕ್‌ನಲ್ಲಿ ಒಂದು `pre` ಕರೆ 20 ಹೆಜ್ಜೆ ದಾಟುವುದಿಲ್ಲ, ಎಷ್ಟೋ ಸ್ಥಾನಗಳಿಗೆ ಅದರ ಅರ್ಧದಲ್ಲೇ ಮುಗಿಯುತ್ತದೆ. ನನ್ನ ಓಟಗಳಲ್ಲಿ ಫೆನ್ವಿಕ್ ಮುಂದಿತ್ತು, ಲೂಪ್ ರೂಪದ ಸೆಗ್ಮೆಂಟ್ ಟ್ರೀ ಅದರ ಬೆನ್ನ ಹಿಂದೆಯೇ ಇತ್ತು, ರಿಕರ್ಷನ್ ರೂಪ ಮಾತ್ರ ಎದ್ದು ಕಾಣುವಷ್ಟು ಹಿಂದೆ ಬಿತ್ತು. ಫೆನ್ವಿಕ್ ಟ್ರೀಯನ್ನು ಸೆಗ್ಮೆಂಟ್ ಟ್ರೀಗೆ ಹೋಲಿಸಿ ‘ಬಹಳ ವೇಗ’ ಎಂದು ಯಾರಾದರೂ ಹೇಳಿದರೆ, ಹೋಲಿಸಿದ್ದು ಈ ಎರಡರಲ್ಲಿ ಯಾವ ರೂಪಕ್ಕೆ ಎಂದು ಕೇಳುವುದು ಒಳ್ಳೆಯದು.

ಮೊತ್ತದ ಜೊತೆಗೆ ವ್ಯಾಪ್ತಿಯ ಕನಿಷ್ಠ ಬೆಲೆಯೂ ಬೇಕಾದರೆ ಚರ್ಚೆಯೇ ಬೇಡ. ಮೊದಲ ಏಳರ ಕನಿಷ್ಠ, ಮೊದಲ ಎರಡರ ಕನಿಷ್ಠ ಗೊತ್ತಿದ್ದರೆ ನಡುವಿನ ಐದರ ಕನಿಷ್ಠವನ್ನು ‘ಕಳೆದು’ ಪಡೆಯಲಾಗದು. ಸೆಗ್ಮೆಂಟ್ ಟ್ರೀಯಲ್ಲಿ ಕೂಡುವ ಜಾಗಗಳಲ್ಲಿ `min` ಬರೆದು, `a`ಯ ಆರಂಭದ ಬೆಲೆಯನ್ನು 0ಯಿಂದ ಅನಂತಕ್ಕೆ ಬದಲಿಸಿದರೆ ಸಾಕು.

ಈಗ ನಾನು ಪೂರ್ಣಾಂಕಗಳ ಮೊತ್ತಕ್ಕೆ ಫೆನ್ವಿಕ್ ಟ್ರೀಯನ್ನೇ ಬರೆಯುತ್ತೇನೆ. ಆ ಅಳತೆಗಳ ಸಾಲನ್ನೂ ಕೊನೆಗೆ ಅದಕ್ಕೇ ಮರಳಿಸಿದೆ, ಆದರೆ `double` ಬಿಟ್ಟು. ಅಳತೆಗಳಲ್ಲಿ ಮೂರು ದಶಮಾಂಶ ಸ್ಥಾನಗಳಷ್ಟೇ ಇದ್ದವು. ಒಳಬರುವಾಗಲೇ 1000ದಿಂದ ಗುಣಿಸಿ, ಹತ್ತಿರದ ಪೂರ್ಣಾಂಕಕ್ಕೆ ತಂದು `long long` ಆಗಿ ಇಟ್ಟೆ. 10¹⁶ರಂತಹ ಅಳತೆ ಗುಣಿಸಿದ ಮೇಲೆ 10¹⁹ ಆಗಿ `long long`ನ ಮಿತಿಯನ್ನೇ ದಾಟುತ್ತದೆ, ಹಾಗಾಗಿ ಅಂಥದ್ದನ್ನು ಬಾಗಿಲಲ್ಲೇ ತಡೆಯುವ ಒಂದು ಪರೀಕ್ಷೆಯನ್ನೂ ಸೇರಿಸಿದೆ. ದಶಮಾಂಶ ಸ್ಥಾನಗಳು ಎಷ್ಟೆಂದು ಮೊದಲೇ ಗೊತ್ತಿಲ್ಲದ ಇನ್ನೊಂದು ಸಾಲು ಸೆಗ್ಮೆಂಟ್ ಟ್ರೀಯಲ್ಲೇ ಉಳಿದಿದೆ.