ಉದ್ರಿ ಬಾಕಿಗೆ ಎಷ್ಟು ಪ್ರಾವಿಷನ್? ಎರಡು ಪಟ್ಟಿ ಹಾಕಿ ನೋಡಿದೆ

ತೀರ್ಥಹಳ್ಳಿಯಲ್ಲಿ ಚಿಕ್ಕಪ್ಪನ ಅಂಗಡಿ ಇದೆ. ಮೈಲುತುತ್ತ, ಗೊಬ್ಬರ, ಪೈಪು ಮಾರುತ್ತಾರೆ. ಲೆಕ್ಕ ನೋಡುವುದು ನಾನು. ಬಿಲ್ಲಿಗೆ 30 ದಿನದ ಗಡುವು. ಒಂದು ಮಾರ್ಚ್ 31ಕ್ಕೆ 16 ಲಕ್ಷ ಉದ್ರಿ ನಿಂತಿತ್ತು. ಮುಳುಗಬಹುದಾದ ಪಾಲಿಗೆ ಎಷ್ಟು ತೆಗೆದಿಡಬೇಕು ಅಂತ ಎರಡು ರೀತಿ ಲೆಕ್ಕ ಹಾಕಿದೆ.

| ಗಡುವು ಮೀರಿದ ದಿನ | ಬಾಕಿ | ಎರವಲು ಪಟ್ಟಿ | ನಮ್ಮ ಪಟ್ಟಿ |
|---|---|---|---|
| ಮೀರಿಲ್ಲ | 4,00,000 | 1% | 0.5% |
| 1–90 | 3,00,000 | 5% | 1% |
| 91–180 | 2,00,000 | 20% | 3% |
| 181–365 | 6,00,000 | 50% | 8% |
| ವರ್ಷದ ಮೇಲೆ | 1,00,000 | 100% | 65% |
| ಪ್ರಾವಿಷನ್ | | 4,59,000 | 1,24,000 |

ಎರವಲು ಪಟ್ಟಿ ಬೇರೆ ವ್ಯಾಪಾರದವರಿಂದ ತಂದದ್ದು. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಆದರೆ ಅದಕ್ಕೆ ಮಲೆನಾಡಿನ ಅಡಿಕೆ ಗೊತ್ತಿಲ್ಲ. ಕೊಳೆರೋಗದ ಔಷಧಿಗೆ ಜೂನ್‌ನಲ್ಲಿ ಸಾಮಾನು ಒಯ್ದವರು ಕೊನೆ ಕೊಯ್ದು, ಅಡಿಕೆ ಒಣಗಿಸಿ, ದರ ನೋಡಿ ಮಾರುತ್ತಾರೆ. ಆಮೇಲೆ ದುಡ್ಡು ಕೊಡುತ್ತಾರೆ. ಮಾರ್ಚ್‌ಗೆ ಅವರ ಬಿಲ್ಲು 181–365ರಲ್ಲಿ ಕೂತಿರುತ್ತದೆ. ಅದಕ್ಕೆ 50% ಹಾಕಿದರೆ ಸುಮ್ನೆ 3 ಲಕ್ಷ ನಷ್ಟ ತೋರಿಸಿದ ಹಾಗೆ. ಆ ಸಲ ಮೇ ಮುಗಿಯುವುದರೊಳಗೆ ಅದರಲ್ಲಿ ಹೆಚ್ಚಿನದು ಬಂದೇ ಬಿಟ್ಟಿತು.

ನಮ್ಮ ಪಟ್ಟಿಗೆ ಎರಡು ದಿನ ಹಿಡಿಯಿತು. ಹಿಂದಿನ ಮೂರು ಮಾರ್ಚ್‌ಗಳ ಬಾಕಿ ಪಟ್ಟಿ ತೆಗೆದೆ. ಪ್ರತಿ ಸಾಲಿನಲ್ಲಿ ಮುಂದಿನ 12 ತಿಂಗಳಲ್ಲಿ ಬಾರದೇ ಉಳಿದದ್ದನ್ನು ಕೂಡಿಸಿ, ಆ ಸಾಲಿನ ಒಟ್ಟು ಬಾಕಿಯಿಂದ ಭಾಗಿಸಿದೆ. 181–365ರಲ್ಲಿ ಮೂರು ವರ್ಷ ಸೇರಿ 15 ಲಕ್ಷ, ಬಾರದ್ದು 1.2 ಲಕ್ಷ. ಹಾಗಾಗಿ 8%.

ಈ 8% ಕೂಡ ಒಂದು ವಿಷಯ ಮುಚ್ಚಿಡುತ್ತದೆ. ಬೆಳೆಗಾರರ 13 ಲಕ್ಷದಲ್ಲಿ ಹೋದದ್ದು 39,000, ಅಂದರೆ 3%. ಪೈಪು ಒಯ್ದ ಗುತ್ತಿಗೆದಾರರ 2 ಲಕ್ಷದಲ್ಲಿ 81,000, ಅಂದರೆ 40.5%. ಆ ಮಾರ್ಚ್‌ನ 6 ಲಕ್ಷದಲ್ಲಿ 5 ಬೆಳೆಗಾರರದು, 1 ಗುತ್ತಿಗೆದಾರರದು. ಬೇರೆ ಬೇರೆ ಲೆಕ್ಕ ಹಾಕಿದರೆ 48,000 ಬದಲು 55,500. ವ್ಯತ್ಯಾಸ ಸಣ್ಣದು. ಆದರೆ ಗುತ್ತಿಗೆದಾರರ ಪಾಲು 3 ಲಕ್ಷ ಆದರೆ 1,30,500 ಬೇಕು! ಸರಾಸರಿ ಆಗಲೂ 48,000 ಅಂತಲೇ ಹೇಳುತ್ತದೆ. ಅದಕ್ಕೇ ಈಗ ಎರಡು ಗುಂಪಿಗೆ ಎರಡು ಪಟ್ಟಿ ಇಟ್ಟಿದ್ದೇನೆ.

ನಮ್ಮ ಪಟ್ಟಿಗೂ ಮಿತಿ ಇದೆ. ಕೊಳೆರೋಗ ಜಾಸ್ತಿಯಾದ ವರ್ಷಕ್ಕೆ ಹಳೇ 3% ಸಾಲದು, ಕೈಯಿಂದ ಏರಿಸಬೇಕು. ಅಂಗಡಿ ಮುಚ್ಚಿ ಹೋದವರ ಬಾಕಿಯನ್ನು ಮೊದಲೇ ಪಟ್ಟಿಯಿಂದ ಹೊರಗಿಟ್ಟು ಪೂರ್ತಿ ತೆಗೆದಿಡುತ್ತೇನೆ. ಟ್ಯಾಲಿಯಲ್ಲಿ ಬಂದ ದುಡ್ಡನ್ನು `Agst Ref` ಬದಲು `On Account` ಹಾಕಿದ್ದರೆ ತೀರಿದ ಬಿಲ್ಲೂ ಹಳೇ ಬಾಕಿಯಾಗಿ ಕಾಣುತ್ತದೆ. ಒಬ್ಬರ ಹೆಸರಲ್ಲೇ ಹಳೇ ಬಿಲ್ಲು, ಜಮೆ ಎರಡೂ ಕಂಡರೆ ಮೊದಲು ಅದನ್ನು ಹೊಂದಿಸಿ, ಆಮೇಲೆ ಶೇಕಡಾ ಹಾಕಿ.